ಓಡುವ ಮಗು, ಹಾರುವ ಹಕ್ಕಿ: ಚಿತ್ರ ಮಸುಕಾಗುವುದು ಎಲ್ಲಿ?

ಶಾಲೆಯ ಕ್ರೀಡಾಕೂಟದಲ್ಲಿ ಮಗಳು ಓಡಿ ಬರುವ ಚಿತ್ರ ಮಸುಕಾಗಿದ್ದರೆ ಅನೇಕರು ಕ್ಯಾಮೆರಾವನ್ನು ದೂರುತ್ತಾರೆ, ಇಲ್ಲವೇ ಇನ್ನೂ ದುಬಾರಿ ಲೆನ್ಸ್ ಹುಡುಕಲು ಹೊರಡುತ್ತಾರೆ. ಅದಕ್ಕಿಂತ ಮೊದಲು ಆ ಚಿತ್ರವನ್ನು ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಬೇಕು. ಮುಖ ಮಸುಕಾಗಿದ್ದು ಹಿಂದಿನ ಸುಣ್ಣದ ಗೆರೆಯೋ ಹುಲ್ಲೋ ಚೊಕ್ಕವಾಗಿ ಕಂಡರೆ ಫೋಕಸ್ ತಪ್ಪಿದೆ. ಎದೆಯ ಮೇಲಿನ ನಂಬರು ಓದಲು ಬಂದು, ಕೈಕಾಲು ಮಾತ್ರ ಎಳೆದಂತಿದ್ದರೆ ಶಟರ್ ನಿಧಾನವಾಗಿದೆ. ಶಾಮಿಯಾನದ ಕಂಬವೂ ಸೇರಿದಂತೆ ಇಡೀ ಚಿತ್ರ ಒಂದೇ ದಿಕ್ಕಿಗೆ ಜಾರಿದ್ದರೆ ಅಲುಗಿದ್ದು ಹಿಡಿದವರ ಕೈ. ಲೆನ್ಸಿನ ಸ್ಟೆಬಿಲೈಸರ್ ನೆರವಾಗುವುದು ಈ ಮೂರನೆಯದಕ್ಕೆ ಮಾತ್ರ. ಓಡುವ ಮಗುವನ್ನು ಅದು ನಿಲ್ಲಿಸಲಾರದು.

ಶಟರ್ ವೇಗದ ಲೆಕ್ಕ ಸುಲಭ. ಜೋರಾಗಿ ಓಡುವ ಮಗು ಸೆಕೆಂಡಿಗೆ ಸುಮಾರು 4 ಮೀಟರ್ ಮುಂದೆ ಹೋಗುತ್ತದೆ ಎಂದುಕೊಳ್ಳೋಣ. ಕ್ಯಾಮೆರಾದ ಎದುರು ಅಡ್ಡಲಾಗಿ ಓಡುವಾಗ, 1/250 ಸೆಕೆಂಡ್ ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲೇ ಮಗು 16 ಮಿಲಿಮೀಟರ್ ಸರಿದಿರುತ್ತದೆ. ಕಣ್ಣು, ಹುಬ್ಬು, ತುಟಿ ಎಲ್ಲ ಕಲಸಿಹೋಗಲು ಅಷ್ಟು ಸಾಕು. 1/1000ಕ್ಕೆ ಅದು 4 ಮಿಲಿಮೀಟರ್, 1/2000ಕ್ಕೆ ಬರೀ 2. ಬೀಸುವ ಕೈ, ಚಿಮ್ಮುವ ಪಾದ ದೇಹಕ್ಕಿಂತ ವೇಗವಾಗಿ ಚಲಿಸುವುದರಿಂದ 1/1000ಕ್ಕಿಂತ ಕೆಳಗಿಳಿಯದಿರುವುದೇ ಲೇಸು. ಕ್ರಿಕೆಟ್ಟಿನಲ್ಲಿ ಈ ಲೆಕ್ಕ ಇನ್ನೂ ಬಿಗಿ: ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು 1/1000 ಸೆಕೆಂಡಿನಲ್ಲಿ ತನ್ನ ಅಗಲದ ಅರ್ಧಕ್ಕಿಂತ ಹೆಚ್ಚು ದೂರ ಹೋಗಿಬಿಡುತ್ತದೆ.

ವೇಗಕ್ಕೆ ತೆರಬೇಕಾದ ಬೆಲೆ ಬೆಳಕು. 1/250ರಿಂದ 1/2000ಕ್ಕೆ ಏರಿದರೆ ಸೆನ್ಸರಿಗೆ ಸಿಗುವುದು ಎಂಟನೇ ಒಂದು ಪಾಲು ಬೆಳಕು. ಅಪರ್ಚರ್ ಬದಲಿಸದಿದ್ದರೆ ಐಎಸ್‌ಒ 400 ಇದ್ದದ್ದು 3200 ಆಗಬೇಕು. ಅಷ್ಟು ಏರಿಸಲು ಅನೇಕರು ಹಿಂಜರಿಯುತ್ತಾರೆ. ಆದರೆ ಐಎಸ್‌ಒ ಏರಿದಾಗ ಕಾಣುವ ಕಾಳುಕಾಳಾದ ನಾಯ್ಸನ್ನು ಆಮೇಲೆ ತಕ್ಕಮಟ್ಟಿಗೆ ತಗ್ಗಿಸಬಹುದು, ಕಲಸಿಹೋದ ಕಣ್ಣನ್ನು ಮರಳಿ ತರುವುದು ಕಷ್ಟ. ಮ್ಯಾನುಯಲ್ ಮೋಡ್‌ನಲ್ಲಿ ಶಟರ್ ಮತ್ತು ಅಪರ್ಚರ್ ತಾವೇ ಇಟ್ಟು, ಐಎಸ್‌ಒವನ್ನು ಆಟೋಗೆ ಬಿಡುವುದು ಇಲ್ಲಿ ಅನುಕೂಲದ ದಾರಿ.

ಮಗು ನೇರವಾಗಿ ಕ್ಯಾಮೆರಾದತ್ತ ಓಡಿ ಬಂದಾಗ ತೊಂದರೆ ಬೇರೆ ಕಡೆಯಿಂದ ಬರುತ್ತದೆ. 200 ಎಂಎಂ ಲೆನ್ಸ್, ಎಫ್ 2.8, ಮಗು 5 ಮೀಟರ್ ದೂರ ಎಂದಿಟ್ಟುಕೊಂಡರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುವ ವಲಯದ ಆಳ ಸುಮಾರು 10 ಸೆಂಟಿಮೀಟರ್ ಅಷ್ಟೇ. ಫೋಕಸ್ ಕೂತ ಮೇಲೆ ಬಟನ್ ಒತ್ತಲು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಮಗು 40 ಸೆಂಟಿಮೀಟರ್ ಮುಂದೆ ಬಂದಾಗಿರುತ್ತದೆ. ಒಮ್ಮೆ ಫೋಕಸ್ ಹಿಡಿದು ಅಲ್ಲೇ ನಿಲ್ಲುವ AF-S ಅಥವಾ One Shot ಮೋಡ್ ಇಲ್ಲಿ ಸೋಲುವುದು ಇದಕ್ಕೇ. ನಿಕಾನ್, ಸೋನಿಗಳಲ್ಲಿ AF-C, ಕ್ಯಾನನ್‌ನಲ್ಲಿ Servo ಎಂಬ ಮೋಡ್, ಬಟನ್ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ದೂರವನ್ನು ಅಳೆಯುತ್ತಲೇ ಇರುತ್ತದೆ. ಮಗು ಮುಂದಿನ ಕ್ಷಣ ಎಲ್ಲಿರಬಹುದೆಂದು ಅಂದಾಜಿಸಿ ಲೆನ್ಸನ್ನು ಅಲ್ಲಿಗೆ ಸರಿಸುತ್ತದೆ. ಆ ಅಂದಾಜಿಗೂ ಸ್ವಲ್ಪ ಸಮಯ ಬೇಕು. ಹಾಗಾಗಿ ಮಗು ಹತ್ತಿರ ಬಂದ ಮೇಲಲ್ಲ, ದೂರದಲ್ಲಿರುವಾಗಲೇ ಬಟನ್ ಅರ್ಧ ಒತ್ತಿ ಹಿಂಬಾಲಿಸಲು ಶುರುಮಾಡಬೇಕು.

ರಂಗನತಿಟ್ಟಿನಲ್ಲಿ ದೋಣಿಯಿಂದ ಹಕ್ಕಿ ತೆಗೆಯುವವರಿಗೆ ಇನ್ನೊಂದು ಕಾಟವಿದೆ. ಗೂಡಿಗೆ ಮರಳುತ್ತಿರುವ ಹೆಜ್ಜಾರ್ಲೆಯ ಮುಂದೆ ಒಂದು ಕೊಂಬೆ ಅಡ್ಡ ಬಂತೆಂದರೆ ಫೋಕಸ್ ಕೊಂಬೆಗೆ ಜಿಗಿಯುತ್ತದೆ. ಅಡ್ಡ ಬಂದದ್ದಕ್ಕೆ ಎಷ್ಟು ಬೇಗ ಓಗೊಡಬೇಕೆಂದು ತಿಳಿಸುವ ಆಯ್ಕೆ ಹಲವು ಕ್ಯಾಮೆರಾಗಳ ಮೆನುವಿನಲ್ಲಿದೆ, ಆದರೆ ಅಂಕಿಗಳ ಅರ್ಥ ಕಂಪನಿಗೊಂದು ಥರ. ಹಿಡಿದ ಹಕ್ಕಿಯನ್ನು ಸುಲಭಕ್ಕೆ ಬಿಡದಿರಲು ಸೋನಿಯಲ್ಲಿ 1ರ ಕಡೆಗೆ ಹೋಗಬೇಕು, ನಿಕಾನ್‌ನಲ್ಲಿ 5ರ ಕಡೆಗೆ, ಕ್ಯಾನನ್‌ನಲ್ಲಿ ಮೈನಸ್ ಕಡೆಗೆ. ಗೆಳೆಯರ ಸೆಟ್ಟಿಂಗ್ ನೋಡಿ ಹಾಗೇ ನಕಲು ಮಾಡಿದವರು ಎಡವುವ ಜಾಗ ಇದು. ಜೊತೆಗೆ ಒಂದು ಅಡ್ಡಪರಿಣಾಮವೂ ಇದೆ: ಫೋಕಸ್ ಮೊದಲೇ ತಪ್ಪು ಜಾಗದಲ್ಲಿ ಕೂತಿದ್ದರೆ ಕ್ಯಾಮೆರಾ ಅದನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾದಾಗ ಬೆರಳು ತೆಗೆದು ಮತ್ತೆ ಒತ್ತುವುದೇ ಸರಿ.

ಬಯಲು ಆಕಾಶದಲ್ಲಿ ಹಾರುವ ಹಕ್ಕಿಗೆ ಅಗಲವಾದ ಫೋಕಸ್ ವಲಯ ಸಾಕು. ಹಿಂದೆ ಮರಗಳಿದ್ದರೆ ಚಿಕ್ಕ ವಲಯವನ್ನೇ ಆರಿಸಬೇಕು, ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ನಿಧಾನಕ್ಕೆ ರೆಕ್ಕೆ ಬಡಿಯುವ ಹೆಜ್ಜಾರ್ಲೆಗೆ 1/1000 ನಡೆಯುತ್ತದೆ. ಅದೇ ಹೊಳೆಯ ರಿವರ್ ಟರ್ನ್‌ಗೆ 1/2500 ಆದರೂ ಬೇಕು. ಟರ್ನ್ ಮೀನಿಗಾಗಿ ಧುಮುಕುವ ಮೊದಲು ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ಅರೆಗಳಿಗೆ ನಿಲ್ಲುವುದುಂಟು. ಫೋಕಸ್ ಹಿಡಿಯಬೇಕಾದ್ದು ಆಗಲೇ; ಧುಮುಕಲು ತೊಡಗಿದ ಮೇಲೆ ಅದನ್ನು ಫ್ರೇಮಿನೊಳಗೆ ತರುವಷ್ಟರಲ್ಲಿ ಹಕ್ಕಿ ನೀರು ಮುಟ್ಟಿರುತ್ತದೆ.