ಗಾಡಿಯ ಮೂತಿ ಎತ್ತ ತಿರುಗಿದೆ?

ಎಡಕ್ಕೊಂದು ಬಲಕ್ಕೊಂದು ಮೋಟಾರು ಚಕ್ರ, ಆಧಾರಕ್ಕೆ ಹಿಂದೊಂದು ಚಿಕ್ಕ ಗಾಲಿ ಇರುವ ಪುಟ್ಟ ಗಾಡಿಯನ್ನು ಬಯಲಿನಲ್ಲಿ ತಾನಾಗಿಯೇ ಓಡಾಡುವಂತೆ ಮಾಡಬೇಕಾಗಿದೆ ಎಂದುಕೊಳ್ಳಿ. ಅದಕ್ಕೆ ಪ್ರತಿ ಕ್ಷಣವೂ ಮೂರು ಸಂಗತಿ ಗೊತ್ತಿರಬೇಕು. ಹೊರಟ ಜಾಗದಿಂದ ಪೂರ್ವಕ್ಕೆ ಎಷ್ಟು ಬಂದಿದೆ, ಉತ್ತರಕ್ಕೆ ಎಷ್ಟು ಬಂದಿದೆ, ಮೂತಿ ಎತ್ತ ತಿರುಗಿದೆ. ಇವನ್ನು x, y, θ ಎಂದು ಕರೆಯೋಣ.

ಉಪಕರಣಗಳೂ ಮೂರು. ಚಕ್ರದ ಎನ್‌ಕೋಡರ್ ಚಕ್ರ ಎಷ್ಟು ಸುತ್ತಿತು ಎಂದು ಎಣಿಸುತ್ತದೆ. ಐಎಂಯು ಎಂಬ ಚಿಪ್ಪಿನಲ್ಲಿ, ಗಾಡಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಹೇಳುವ ಜೈರೋ ಇದೆ, ವೇಗ ಎಷ್ಟು ಬದಲಾಗುತ್ತಿದೆ ಎಂದು ಹೇಳುವ ಆಕ್ಸೆಲರೋಮೀಟರ್ ಇದೆ. ಜಿಪಿಎಸ್ ಎಲ್ಲಿದ್ದೀಯ ಎಂದು ಹೇಳುತ್ತದೆ, ಒಂದೆರಡು ಮೀಟರ್ ಆಚೀಚೆ. ಈ ಮೂರನ್ನೂ ಕಲೆಹಾಕಿ ಒಂದು ನಂಬಬಹುದಾದ ಉತ್ತರ ಕೊಡುವುದು ಕಾಲ್ಮನ್ ಫಿಲ್ಟರ್. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಲೇಖನ ಇದರ ಮೂಲ. ಅದು ಸರಳರೇಖೆಯ ಲೆಕ್ಕಗಳಿಗೆ ಮಾತ್ರ ಒಗ್ಗುತ್ತಿತ್ತು. ಚಂದ್ರಯಾನದ ಅಪೊಲೊ ಯೋಜನೆಗಾಗಿ ನಾಸಾದ ಏಮ್ಸ್ ಕೇಂದ್ರದಲ್ಲಿ ಸ್ಟಾನ್ಲಿ ಶ್ಮಿಟ್ ಮತ್ತು ಅವರ ಜೊತೆಗಾರರು ಅದನ್ನು ಬಾಗಿದ ಲೆಕ್ಕಗಳಿಗೂ ಹಿಗ್ಗಿಸಿದರು. ಬಾಗಿದ ಗೆರೆಯನ್ನು ನಿಂತ ಜಾಗದಲ್ಲಿ ಒಂದು ಚಿಕ್ಕ ನೇರಗೆರೆಯೆಂದು ಭಾವಿಸಿ ಲೆಕ್ಕ ಹಾಕುವ ಆ ಹಿಗ್ಗಿಸಿದ ರೂಪಕ್ಕೆ ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್, ಚಿಕ್ಕದಾಗಿ ಇಕೆಎಫ್, ಎಂಬ ಹೆಸರು ನಿಂತಿತು.

ಯಾವ ಉಪಕರಣದಿಂದ ಏನನ್ನು ತೆಗೆದುಕೊಳ್ಳಬೇಕು? ಮೊದಲ ಎಡವಟ್ಟು ಇಲ್ಲಿಯೇ ಆಗುತ್ತದೆ. ಎರಡು ಚಕ್ರಗಳ ಓಟದ ವ್ಯತ್ಯಾಸವನ್ನು ಚಕ್ರಗಳ ನಡುವಿನ ಅಂತರದಿಂದ ಭಾಗಿಸಿದರೆ ಗಾಡಿ ತಿರುಗಿದ ಕೋನ ಸಿಗುತ್ತದೆ ಎಂದು ಪುಸ್ತಕ ಹೇಳುತ್ತದೆ. ನಿಜವೇ. ಆದರೆ ಒಂದು ಟೈರಿನಲ್ಲಿ ಗಾಳಿ ಸ್ವಲ್ಪ ಕಮ್ಮಿಯಿದ್ದು ಅದರ ಸುತ್ತಳತೆ ನೂರಕ್ಕೆ ಒಂದರಷ್ಟು ಕುಗ್ಗಿದೆ ಎನ್ನಿ. 20 ಮೀಟರ್ ನೇರ ಹೋಗುವಷ್ಟರಲ್ಲಿ ಎರಡು ಚಕ್ರಗಳ ಎಣಿಕೆಗೆ 20 ಸೆಂಟಿಮೀಟರ್ ಹುಸಿ ವ್ಯತ್ಯಾಸ ಬರುತ್ತದೆ. ಚಕ್ರಗಳ ನಡುವೆ ಅರ್ಧ ಮೀಟರ್ ಇದ್ದರೆ ಅದು 0.4 ರೇಡಿಯನ್, ಅಂದರೆ 23 ಡಿಗ್ರಿ! ಅದೇ ದಾರಿಯನ್ನು ಸೆಕೆಂಡಿಗೆ ಅರ್ಧ ಮೀಟರಿನಂತೆ 40 ಸೆಕೆಂಡಿನಲ್ಲಿ ಸವೆಸಿದಾಗ, ಸೆಕೆಂಡಿಗೆ 0.05 ಡಿಗ್ರಿ ತಪ್ಪು ಹೇಳುವ ಜೈರೋದಿಂದ ಬರುವ ದೋಷ 2 ಡಿಗ್ರಿ ಮಾತ್ರ. ಹಾಗಾಗಿ ದೂರವನ್ನು ಚಕ್ರದಿಂದಲೂ ತಿರುವನ್ನು ಜೈರೋದಿಂದಲೂ ತೆಗೆದುಕೊಳ್ಳುತ್ತೇವೆ.

ಆಕ್ಸೆಲರೋಮೀಟರಿನಿಂದ ದೂರ ತೆಗೆಯಬಹುದಲ್ಲ ಎಂದು ಪ್ರತಿ ತರಗತಿಯಲ್ಲೂ ಒಬ್ಬರು ಕೇಳುತ್ತಾರೆ. ಚಿಪ್ಪು 0.3 ಡಿಗ್ರಿ ಓರೆಯಾಗಿ ಕೂತಿದ್ದರೆ ಸಾಕು, ಭೂಮಿಯ ಸೆಳೆತದ ಒಂದು ಚೂರು ಮುಂದಕ್ಕೆ ತಳ್ಳಿದಂತೆ ಕಾಣುತ್ತದೆ. ಅದನ್ನು ಎರಡು ಸಲ ಕೂಡಿಸುತ್ತಾ ಹೋದರೆ 40 ಸೆಕೆಂಡಿನಲ್ಲಿ 40 ಮೀಟರ್ ತಪ್ಪು. ಸಮನೆಲದ ಮೇಲಿನ ಚಕ್ರದ ಗಾಡಿಗೆ ಆ ಆಸೆ ಬೇಡ.

ಈಗ ಒಂದು ಕೊರತೆ ಉಳಿಯಿತು. ದೂರ ಚಕ್ರದಿಂದ ಬಂತು, ತಿರುವು ಜೈರೋದಿಂದ ಬಂತು, ಸ್ಥಳ ಜಿಪಿಎಸ್‌ನಿಂದ ಬಂತು. ಮೂತಿ ಪೂರ್ವಕ್ಕಿದೆಯೋ ಈಶಾನ್ಯಕ್ಕಿದೆಯೋ ಎಂದು ಹೇಳುವವರು ಯಾರು? ಜೈರೋ ಎಷ್ಟು ತಿರುಗಿದೆ ಎಂದಷ್ಟೇ ಹೇಳುತ್ತದೆ, ಎಲ್ಲಿಂದ ತಿರುಗಿತು ಎಂದು ಹೇಳುವುದಿಲ್ಲ. ಒಂದೇ ಆಂಟೆನಾದ ಜಿಪಿಎಸ್‌ಗೆ ಗಾಡಿ ಒಂದು ಚುಕ್ಕಿ, ಚುಕ್ಕಿಗೆ ಮೂತಿಯಿಲ್ಲ. ದಿಕ್ಸೂಚಿ ಚಿಪ್ಪಿದೆ, ಆದರೆ ಮೋಟಾರಿನ ಪಕ್ಕದಲ್ಲಿಟ್ಟರೆ ಅದು ಮೋಟಾರಿನ ಮಾತನ್ನೇ ಕೇಳುತ್ತದೆ. ಆದರೂ ಚೆನ್ನಾಗಿ ಕಟ್ಟಿದ ಇಕೆಎಫ್ ನಾಲ್ಕು ಹೆಜ್ಜೆ ಓಡಿದ ಮೇಲೆ ದಿಕ್ಕನ್ನು ಕಂಡುಕೊಳ್ಳುತ್ತದೆ. ಯಾರೂ ಅಳೆಯದ ಸಂಗತಿಯನ್ನು ಅದು ಹೇಗೆ ಕಂಡುಕೊಂಡಿತು ಎನ್ನುವುದೇ ಈ ಅಧ್ಯಾಯದ ಜೀವ.

ಕಾಲ್ಮನ್ ಫಿಲ್ಟರ್ ಎಂದರೆ ತೂಕ ಹಾಕಿ ಸರಾಸರಿ ತೆಗೆಯುವುದು ಎಂಬ ವಿವರಣೆಯನ್ನು ನೀವು ಕೇಳಿರಬಹುದು. ಅದು ಅರ್ಧ ಸತ್ಯ. ಸರಾಸರಿ ತೆಗೆಯುವುದಷ್ಟೇ ಆಗಿದ್ದರೆ ಜಿಪಿಎಸ್ ಕೊಟ್ಟ ಸ್ಥಳ ನಮ್ಮ ಸ್ಥಳವನ್ನು ತಿದ್ದುತ್ತಿತ್ತು, ದಿಕ್ಕನ್ನು ಮುಟ್ಟುತ್ತಲೇ ಇರಲಿಲ್ಲ. ಹೊಲ ಉಳುವವರನ್ನು ನೆನೆಯಿರಿ. ಈ ಬದುವಿನಿಂದ ಹೊರಟ ಸಾಲು ಆಚೆ ಬದುವಿಗೆ ಮುಟ್ಟಿದಾಗ ಗುರುತಿಗಿಂತ ಒಂದು ಮಾರು ಪಕ್ಕಕ್ಕೆ ಹೋಗಿದ್ದರೆ, ಅವರು ಒಂದು ಮಾರು ಸರಿದು ಸುಮ್ಮನಾಗುವುದಿಲ್ಲ. ಎತ್ತುಗಳ ಮುಖ ಮೊದಲಿಂದಲೂ ಓರೆಯಿತ್ತು ಎಂದು ಅವರಿಗೆ ಹೊಳೆಯುತ್ತದೆ. ಪಕ್ಕಕ್ಕೆ ಸರಿದ ತಪ್ಪಿಗೂ ದಿಕ್ಕಿನ ತಪ್ಪಿಗೂ ನಂಟಿದೆ, ಒಂದನ್ನು ಕಂಡರೆ ಇನ್ನೊಂದನ್ನು ಊಹಿಸಬಹುದು. ಇಕೆಎಫ್ ಈ ನಂಟನ್ನು ಒಂದು ಸಂಖ್ಯೆಯಾಗಿ ಜೋಪಾನವಾಗಿ ಕಾಪಾಡಿಕೊಂಡು ಬರುತ್ತದೆ. ಅದು ಇರುವ ಜಾಗ ಕೋವೇರಿಯನ್ಸ್ ಎಂಬ ಮೂರಡ್ಡ ಮೂರುದ್ದದ ಪಟ್ಟಿ, ಹೆಸರು P. ಪಟ್ಟಿಯ ಕರ್ಣದಲ್ಲಿ x, y, θ ಒಂದೊಂದರ ಅನುಮಾನ ಎಷ್ಟೆಂದು ಇರುತ್ತದೆ. ಕರ್ಣದ ಆಚೀಚೆ ಇರುವ ಮನೆಗಳಲ್ಲಿ ಯಾವ ತಪ್ಪು ಯಾವುದರ ಜೊತೆ ಕೂಡಿಕೊಂಡಿದೆ ಎಂದು ಇರುತ್ತದೆ.

ಪ್ರೋಗ್ರಾಮಿನಲ್ಲಿ ಇದೆಲ್ಲ ಕೆಲವೇ ಸಾಲು:

```python
F = np.array([[1, 0, -d*np.sin(th)],
              [0, 1,  d*np.cos(th)],
              [0, 0,  1]])
P = F @ P @ F.T + Q
S = H @ P @ H.T + R
K = P @ H.T @ np.linalg.inv(S)
```

`d` ಎಂದರೆ ಈ ಹೆಜ್ಜೆಯಲ್ಲಿ ಚಕ್ರ ಅಳೆದ ದೂರ. `d*np.cos(th)` ಇರುವ ಮನೆಯ ಮೇಲೆ ಬೆರಳಿಡಿ. ದಿಕ್ಕು ಒಂದಿಷ್ಟು ತಪ್ಪಿದ್ದರೆ y ಎಷ್ಟು ತಪ್ಪುತ್ತದೆ ಎಂದು ಹೇಳುವುದು ಅದು, ಉಳುವವರ ತಿಳಿವಳಿಕೆ ಕೂತಿರುವುದು ಅಲ್ಲಿ. ಗಾಡಿ ಚಲಿಸಿದಷ್ಟೂ P ಪಟ್ಟಿಯಲ್ಲಿ ನಂಟಿನ ಸಂಖ್ಯೆ ಬೆಳೆಯುತ್ತದೆ. `Q` ಚಕ್ರ ಮತ್ತು ಜೈರೋ ಮೇಲಿನ ಅನುಮಾನ, `R` ಜಿಪಿಎಸ್ ಮೇಲಿನ ಅನುಮಾನ. ಮೂರರಲ್ಲಿ x, y ಮಾತ್ರ ಜಿಪಿಎಸ್‌ಗೆ ಕಾಣುತ್ತವೆ ಎಂದು ಹೇಳುವ ಪಟ್ಟಿ `H`, ಜಿಪಿಎಸ್ ತೋರಿಸಿದ ಅಂತರದಲ್ಲಿ ಎಷ್ಟು ಪಾಲು ತಿದ್ದಬೇಕು ಎಂದು ಹೇಳುವುದು `K`.

ಒಂದು ಸಲ ಕೈಯಾರೆ ಲೆಕ್ಕ ಹಾಕೋಣ. ಗಾಡಿ ಪೂರ್ವಕ್ಕೆ ಮುಖ ಮಾಡಿದೆ ಎಂದು ನಂಬಿ 20 ಮೀಟರ್ ಓಡಿತು. ದಿಕ್ಕಿನ ಮೇಲೆ 3 ಡಿಗ್ರಿ ಅನುಮಾನ, ಹೊರಟ ಜಾಗದ ಮೇಲೆ 20 ಸೆಂಟಿಮೀಟರ್ ಅನುಮಾನ. ಲೆಕ್ಕ ಹಗುರವಾಗಲೆಂದು `Q` ಬಿಟ್ಟುಬಿಡೋಣ. 3 ಡಿಗ್ರಿ ಎಂದರೆ 0.0524 ರೇಡಿಯನ್, ವರ್ಗ ಮಾಡಿದರೆ 0.00274. ಇಪ್ಪತ್ತು ಮೀಟರಿನ ತುದಿಯಲ್ಲಿ ಅದು ಉತ್ತರ ದಕ್ಷಿಣಕ್ಕೆ ಸುಮಾರು 1.05 ಮೀಟರ್ ಅನುಮಾನವಾಗುತ್ತದೆ. ಹಳೆಯ 20 ಸೆಂಟಿಮೀಟರನ್ನೂ ವರ್ಗ ಮಾಡಿ ಸೇರಿಸಿದರೆ y ಅನುಮಾನದ ವರ್ಗ 1.14. y ಮತ್ತು θ ನಡುವಿನ ನಂಟು 20 × 0.00274, ಅಂದರೆ 0.0548. ಜಿಪಿಎಸ್‌ಗೆ 1.5 ಮೀಟರ್ ಅನುಮಾನ, ವರ್ಗ 2.25. ಎರಡನ್ನೂ ಕೂಡಿದರೆ 3.39, ಇದೇ `S`.

ಈಗ ಜಿಪಿಎಸ್, ನೀನು ಅಂದುಕೊಂಡದ್ದಕ್ಕಿಂತ 1.2 ಮೀಟರ್ ಉತ್ತರದಲ್ಲಿದ್ದೀಯ ಎನ್ನುತ್ತದೆ. ಸ್ಥಳದ ತಿದ್ದುಪಡಿ 1.14 ಭಾಗಿಸು 3.39, ಗುಣಿಸು 1.2, ಅಂದರೆ ಸುಮಾರು 40 ಸೆಂಟಿಮೀಟರ್ ಉತ್ತರಕ್ಕೆ. ಇದು ಸರಾಸರಿಯ ಭಾಗ. ದಿಕ್ಕಿನ ತಿದ್ದುಪಡಿ 0.0548 ಭಾಗಿಸು 3.39, ಗುಣಿಸು 1.2. ಬಂದದ್ದು 0.0194 ರೇಡಿಯನ್, ಅಂದರೆ 1.1 ಡಿಗ್ರಿ ಉತ್ತರದ ಕಡೆಗೆ. ದಿಕ್ಕಿನ ಬಗ್ಗೆ ಒಂದಕ್ಷರ ಹೇಳದ ಜಿಪಿಎಸ್‌ನಿಂದ ದಿಕ್ಕು ತಿದ್ದಿತು, ಅದರ ಮೇಲಿನ ಅನುಮಾನವೂ 3ರಿಂದ ಸುಮಾರು 2.5 ಡಿಗ್ರಿಗೆ ಇಳಿಯಿತು. ಎಷ್ಟು ಸಲ ಈ ಲೆಕ್ಕ ಹಾಕಿದರೂ ಆ 1.1 ಬಂದಾಗ ನನಗೆ ಮೊದಲ ಸಲದಷ್ಟೇ ಖುಷಿಯಾಗುತ್ತದೆ. ಜೈರೋ ಹೇಳುವ ಖಾಯಂ ತಪ್ಪನ್ನೂ ನಾಲ್ಕನೆಯ ಸಂಗತಿಯಾಗಿ ಪಟ್ಟಿಗೆ ಸೇರಿಸಿದರೆ ಇದೇ ದಾರಿಯಲ್ಲಿ ಅದೂ ತಿದ್ದಿಕೊಳ್ಳುತ್ತದೆ.

ಹೊರಡುವ ಮೊದಲು ಗಾಡಿಯನ್ನು ಒಂದೇ ಕಡೆ ನಿಲ್ಲಿಸಿ, ಜಿಪಿಎಸ್ ದಿಕ್ಕು ಹಿಡಿಯಲಿ ಎಂದು ಹತ್ತು ನಿಮಿಷ ಕಾಯುವವರನ್ನು ನೋಡಿದ್ದೇನೆ. ನಿಂತ ಗಾಡಿಗೆ `d` ಸೊನ್ನೆ, ನಂಟು ಹುಟ್ಟುವುದೇ ಇಲ್ಲ, ದಿನವಿಡೀ ಕಾದರೂ ದಿಕ್ಕು ಸಿಗದು. ಓಡಿಸಬೇಕು. ದಿಕ್ಕು ಏನೇನೂ ಗೊತ್ತಿಲ್ಲದೆ ಹೊರಡುವುದೂ ಸಲ್ಲದು, ಏಕೆಂದರೆ ನೇರಗೆರೆಯ ಊಹೆ ಚಿಕ್ಕ ತಪ್ಪಿಗೆ ಮಾತ್ರ ಹೊಂದುತ್ತದೆ. 90 ಡಿಗ್ರಿ ತಪ್ಪಿದ್ದರೆ ಇಕೆಎಫ್ ತಪ್ಪು ದಿಕ್ಕನ್ನೇ ಗಟ್ಟಿಯಾಗಿ ನಂಬಿಬಿಡಬಹುದು. ಅದಕ್ಕೆ ಮೊದಲು 15 ಮೀಟರ್ ನೇರ ಓಡಿಸಿ, ಆ ತುದಿ ಈ ತುದಿಯ ಜಿಪಿಎಸ್ ಚುಕ್ಕಿಗಳನ್ನು ಸೇರಿಸಿ ದಿಕ್ಕು ತೆಗೆದು, ಅದನ್ನು ಆರಂಭದ θ ಆಗಿ ಕೊಡುತ್ತೇವೆ. ತುದಿಗೆ 1.5 ಮೀಟರ್ ದೋಷವಿದ್ದರೆ ಸುಮಾರು 8 ಡಿಗ್ರಿ ಅನುಮಾನ ಉಳಿಯುತ್ತದೆ, ಅದನ್ನು ಫಿಲ್ಟರ್ ಸಲೀಸಾಗಿ ತಿದ್ದಿಕೊಳ್ಳುತ್ತದೆ. ನಿಜದಲ್ಲಿ ಇನ್ನೂ ಕಮ್ಮಿಯೇ ಇರುತ್ತದೆ, ಅರ್ಧ ನಿಮಿಷದ ಅಂತರದ ಎರಡು ಚುಕ್ಕಿಗಳ ದೋಷ ಹೆಚ್ಚುಕಡಿಮೆ ಒಂದೇ ಕಡೆ ವಾಲಿರುವುದರಿಂದ ಕಳೆದಾಗ ಬಹುಪಾಲು ಹೊಡೆದುಹೋಗುತ್ತದೆ.

ಇಲ್ಲಿ ಅನುಕೂಲವಾದ ಆ ವಾಲುವಿಕೆಯೇ ಮುಂದೆ ತೊಂದರೆ ಕೊಡುತ್ತದೆ. ಪ್ರತಿ ಓದಿನ ತಪ್ಪೂ ಹಿಂದಿನದಕ್ಕೆ ಸಂಬಂಧವಿಲ್ಲದ್ದು ಎಂದು ಕಾಲ್ಮನ್ ಗಣಿತ ನಂಬುತ್ತದೆ. ಜಿಪಿಎಸ್ ತಪ್ಪು ಹಾಗಲ್ಲ. ವಾತಾವರಣದಿಂದಲೋ ಗೋಡೆಯಿಂದ ಪುಟಿದು ಬಂದ ಸಂಕೇತದಿಂದಲೋ ಅದು ನಿಮಿಷಗಟ್ಟಲೆ ಒಂದೇ ಕಡೆ ಎಳೆಯುತ್ತಿರುತ್ತದೆ. ಸೆಕೆಂಡಿಗೆ 5 ಓದಿನಂತೆ ಒಂದು ನಿಮಿಷ ನಿಂತರೆ 300 ಓದು. ಅವೆಲ್ಲ ಬೇರೆಬೇರೆ ಸಾಕ್ಷಿಗಳೆಂದು ನಂಬಿದ ಫಿಲ್ಟರ್ 1.5 ಮೀಟರನ್ನು 300ರ ವರ್ಗಮೂಲದಿಂದ ಭಾಗಿಸಿ, ನನಗೀಗ 9 ಸೆಂಟಿಮೀಟರ್ ಅನುಮಾನ ಮಾತ್ರ ಎಂದು ಹೇಳುತ್ತದೆ. ಗಾಡಿ ಇನ್ನೂ ಒಂದೂವರೆ ಮೀಟರ್ ದೂರದಲ್ಲೇ ಇರಬಹುದು. ಒಬ್ಬನೇ ಸಾಕ್ಷಿ ಮುನ್ನೂರು ಸಲ ಹೇಳಿದ್ದನ್ನು ಮುನ್ನೂರು ಜನರ ಮಾತೆಂದು ಎಣಿಸಿದ ಹಾಗೆ. ಓದುಗಳನ್ನು ವಿರಳ ಮಾಡಿ ಕೊಡಬೇಕು, ಇಲ್ಲವೇ `R` ಹೆಚ್ಚಿಸಬೇಕು.

ದಿಢೀರನೆ ನೆಗೆಯುವ ಜಿಪಿಎಸ್ ಓದನ್ನು ತಡೆಯಲು ಬಾಗಿಲಲ್ಲೊಂದು ಪರೀಕ್ಷೆ ಇಡುತ್ತೇವೆ. ಜಿಪಿಎಸ್ ಹೇಳಿದ್ದಕ್ಕೂ ಫಿಲ್ಟರ್ ಎಣಿಸಿದ್ದಕ್ಕೂ ಇರುವ ಅಂತರವನ್ನು ವರ್ಗ ಮಾಡಿ `S`ನಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಎನ್‌ಐಎಸ್ ಎಂದು ಹೆಸರು. x, y ಎರಡನ್ನೂ ಒಟ್ಟಿಗೆ ತೆಗೆದುಕೊಂಡಾಗ ಅದು 9.21 ದಾಟುವುದು ನೂರಕ್ಕೆ ಒಂದು ಸಲ ಮಾತ್ರ. ದಾಟಿದ ಓದನ್ನು ಬಿಟ್ಟುಬಿಡಬಹುದು. ನಮ್ಮ ಲೆಕ್ಕದ 1.2 ಮೀಟರಿಗೆ, y ಒಂದನ್ನೇ ನೋಡಿದರೆ, ಎನ್‌ಐಎಸ್ 0.43, ಏನೂ ಅಂಜಿಕೆಯಿಲ್ಲ. ಆದರೆ 9 ಸೆಂಟಿಮೀಟರ್ ಹೆಮ್ಮೆಯಲ್ಲಿರುವ ಫಿಲ್ಟರಿಗೆ `R` ಅನ್ನೂ ಚಿಕ್ಕದಾಗಿ ಕೊಟ್ಟಿದ್ದರೆ, ಸರಿಯಾದ ಓದುಗಳನ್ನೂ ಅದು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಒಂದರ ಹಿಂದೊಂದು ಹತ್ತಾರು ಓದು ತಿರಸ್ಕೃತವಾಗುತ್ತಿದ್ದರೆ ಕೆಟ್ಟಿರುವುದು ಫಿಲ್ಟರೇ ಇರಬಹುದು.

ನೀವೂ ಇದನ್ನು ಮಾಡಿ ನೋಡಬೇಕೆಂದು ನನ್ನ ಕೋರಿಕೆ. ಒಂದು ಸುತ್ತು ಓಡಿಸಿ ಎಲ್ಲ ಓದುಗಳನ್ನೂ ಬರೆದಿಟ್ಟುಕೊಂಡು, ಮನೆಯಲ್ಲಿ ಕೂತು ಆ ಅಂತರಗಳ ಗೆರೆ ಎಳೆಯಿರಿ. ಅವು ಸೊನ್ನೆಯ ಎರಡೂ ಬದಿ ಗೊತ್ತುಗುರಿಯಿಲ್ಲದೆ ಚೆಲ್ಲಿಕೊಂಡಿದ್ದು, x, y ಎರಡರ ಎನ್‌ಐಎಸ್ ಸರಾಸರಿ 2ರ ಹತ್ತಿರ ಇದ್ದರೆ ನಿಮ್ಮ `Q`, `R` ಸರಿಯಿವೆ. ಗೆರೆ ಬಹಳ ಹೊತ್ತು ಒಂದೇ ಬದಿಗೆ ವಾಲಿದ್ದರೆ ಆ ಹೊತ್ತಿನಲ್ಲಿ ಗಾಡಿ ಯಾವ ಗೋಡೆಯ ಪಕ್ಕ ಹೋಗುತ್ತಿತ್ತು, ಯಾವ ತಿರುವಿನಲ್ಲಿತ್ತು ಎಂದು ನೋಡಿ. ಪೂರ್ವಕ್ಕೆ ಹೋಗುವಾಗ ಉತ್ತರಕ್ಕೂ ಪಶ್ಚಿಮಕ್ಕೆ ಹೋಗುವಾಗ ದಕ್ಷಿಣಕ್ಕೂ ವಾಲುತ್ತಿದ್ದರೆ, ಅದು ಜಿಪಿಎಸ್ ತಪ್ಪಲ್ಲ, ಮೂತಿಯ ತಪ್ಪು ಇನ್ನೂ ಉಳಿದಿದೆ.