ಎಂಡ್ ಕ್ಯಾಪ್ ಹಾಕುವ ಮುನ್ನ

ಹುಬ್ಬಳ್ಳಿಯ ಕೇಶ್ವಾಪುರದಿಂದ ಕುಸುಗಲ್ ರಸ್ತೆ ಹಿಡಿದು ಹೊರಟರೆ ಬಡಾವಣೆಗಳು ಮುಗಿದ ಮೇಲೆ ಎರಿ ಹೊಲ ಶುರುವಾಗುತ್ತದೆ. ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಬೆಳೆಯುವ ಸೀಮೆ ಇದು. ಬೇಸಿಗೆಯಲ್ಲಿ ಈ ಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿಟ್ಟರೆ ಬಿಡುವುದಿಲ್ಲ. ಇಲ್ಲಿ ಡ್ರಿಪ್ ಹಾಕಿಸಿದ ರೈತನ ಮೊಬೈಲ್ ತೆಗೆದು ನೋಡಿದರೆ ಹನಿ ನೀರಾವರಿಯ ವಿಡಿಯೊಗಳು ಸಾಕಷ್ಟು ಸಿಗುತ್ತವೆ. ಬಹುಪಾಲು ವಿಡಿಯೊಗಳು ಅಂಗಡಿಯ ಪಟ್ಟಿಯ ಹಾಗೆ ಸಾಗುತ್ತವೆ: ಇದು ಫಿಲ್ಟರ್, ಇದು ವೆಂಚುರಿ, ಇದು ಲ್ಯಾಟರಲ್. ಸಾಮಾನಿನ ಹೆಸರು ತಿಳಿಯುತ್ತದೆ, ಕೆಲಸದ ಕ್ರಮ ತಿಳಿಯುವುದಿಲ್ಲ. ರೈತ ಜೋಡಿಸುತ್ತಾನೆ, ನೀರು ಬಿಡುತ್ತಾನೆ, ಎರಡನೆಯ ಹಂಗಾಮಿಗೆ ಸಾಲಿನ ಕೊನೆಯ ಗಿಡಗಳು ಬಾಡತೊಡಗುತ್ತವೆ.

ಕ್ರಮ ತಪ್ಪಿದರೆ ಇಷ್ಟು ಪೆಟ್ಟು ಬೀಳುವುದಕ್ಕೆ ಕಾರಣ ಡ್ರಿಪ್ಪರಿನ ಒಳಗಿದೆ. ಇಸ್ರೇಲಿನ ಜಲ ಎಂಜಿನಿಯರ್ ಸಿಮ್ಖಾ ಬ್ಲಾಸ್ ರೂಪಿಸಿದ ಡ್ರಿಪ್ಪರನ್ನು ಹಾಟ್ಜೆರಿಮ್ ಎಂಬ ಸಹಕಾರಿ ಗ್ರಾಮ 1965ರಲ್ಲಿ ತಯಾರಿಸಲು ಕೈಹಾಕಿತು. ಸೂಜಿಯಂಥ ತೂತಿನಿಂದ ಹನಿ ಬಿಡುವುದು ಅದರ ಉಪಾಯವಾಗಿರಲಿಲ್ಲ. ನೀರನ್ನು ಉದ್ದನೆಯ ಸುತ್ತುದಾರಿಯಲ್ಲಿ ಹಾಯಿಸಿ, ಒತ್ತಡ ಇಳಿಸಿ ಹೊರಗೆ ಬಿಡುವುದು ಅದರ ಉಪಾಯ. ಇಂದಿನ ಇನ್‌ಲೈನ್ ಪೈಪಿನೊಳಗೂ ಅಂಕುಡೊಂಕಾದ ಅಂಥ ಸಣ್ಣ ದಾರಿಯೇ ಇದೆ. ಒಂದು ಮರಳಿನ ಕಣ, ಪಿವಿಸಿ ಪೈಪು ಕೊರೆದಾಗ ಉದುರಿದ ಒಂದು ಚೂರು ಅದರಲ್ಲಿ ಸಿಕ್ಕಿಕೊಂಡರೆ ಆ ಡ್ರಿಪ್ಪರ್ ಕೆಟ್ಟಂತೆ. ಹಾಗಾಗಿ ಡ್ರಿಪ್ ಕಲಿಸುವ ವಿಡಿಯೊದ ಸ್ಕ್ರಿಪ್ಟು ಸಾಮಾನಿನ ಬೆನ್ನು ಹತ್ತದೆ, ನೀರಿನ ಬೆನ್ನು ಹತ್ತಬೇಕಾಗುತ್ತದೆ. ನೀರು ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೋ ಕಸವೂ ಅದೇ ದಾರಿಯಲ್ಲಿ ಸಾಗುತ್ತದೆ.

ರೈತನಿಗೆ ಪರದೆಯ ಮೇಲೆ ಕೆಲಸ ಕಲಿಸುವ ಯತ್ನ ಈ ಸೀಮೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಉಪಗ್ರಹ ಟೆಲಿವಿಷನ್ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಬುಟ್ಟಿಯಾಕಾರದ ಆಂಟೆನಾ, ಅದರ ಕೆಳಗೆ ಇಡೀ ಊರಿಗೊಂದು ಟಿವಿ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಮೂರು ಜಿಲ್ಲೆಗೂ ಒಂದೇ ಹೊತ್ತಿಗೆ ಒಂದೇ ಪಾಠ. ನೋಡುತ್ತಿದ್ದವನಿಗೆ ನಡುವೆ ಅರ್ಥವಾಗದಿದ್ದರೆ ತಡೆಯುವ, ಹಿಂದಕ್ಕೆ ತಿರುಗಿಸುವ ದಾರಿ ಇರಲಿಲ್ಲ. ಬೀಜೋಪಚಾರದಂಥ ಒಂದೆರಡು ಹೆಜ್ಜೆಯ ವಿಷಯ ಹೀಗೆ ದಾಟಬಹುದು, ಹತ್ತು ಹೆಜ್ಜೆಯ ಜೋಡಣೆ ದಾಟುವುದು ಕಷ್ಟ.

ತಡೆದು ನೋಡುವ ವಿಡಿಯೊವನ್ನೇ ಪಾಠದ ತಳಹದಿ ಮಾಡಿದ್ದು ಮೂವತ್ತು ವರ್ಷದ ನಂತರ ಬೆಂಗಳೂರಿನಲ್ಲಿ. ವಿಮಾನಯಾನ ಎಂಜಿನಿಯರಿಂಗ್ ಓದಿದ್ದ ರಿಕಿನ್ ಗಾಂಧಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದಾಗ, ವನಜಾ ರಾಮಪ್ರಸಾದ್ ಅವರ ಗ್ರೀನ್ ಫೌಂಡೇಶನ್ ಜೊತೆಗೂಡಿ ‘ಡಿಜಿಟಲ್ ಗ್ರೀನ್’ ಪ್ರಯೋಗ ಆರಂಭಿಸಿದರು. ಊರಿನ ರೈತರೇ ವಿಡಿಯೊದಲ್ಲಿ ಕೆಲಸ ಮಾಡಿ ತೋರಿಸುತ್ತಿದ್ದರು. ಸಂಜೆ ಊರಲ್ಲಿ ಟಿವಿ, ಡಿವಿಡಿ ಪ್ಲೇಯರ್ ಇಟ್ಟು ಅದನ್ನು ತೋರಿಸುವಾಗ ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು, ಹೇಳಿದ್ದನ್ನು ಮತ್ತೆ ತೋರಿಸುತ್ತಿದ್ದರು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಹೋಲಿಕೆಯಲ್ಲಿ, ಮಾಮೂಲು ವಿಸ್ತರಣಾ ಕಾರ್ಯಕ್ಕಿಂತ ಈ ವಿಧಾನದಲ್ಲಿ ಕೆಲವು ಪದ್ಧತಿಗಳನ್ನು ರೈತರು ಏಳು ಪಟ್ಟು ಹೆಚ್ಚು ಅಳವಡಿಸಿಕೊಂಡಿದ್ದು ಕಂಡುಬಂತು. ನೋಡುವವರು ಮೊದಲು ಕೇಳುತ್ತಿದ್ದದ್ದು ವಿಡಿಯೊದಲ್ಲಿರುವ ರೈತ ಯಾರು, ಯಾವ ಊರಿನವನು ಎಂದು. ವಿಡಿಯೊ ನಿಲ್ಲಿಸುವ ಜಾಗವನ್ನು ಸ್ಕ್ರಿಪ್ಟಿನಲ್ಲೇ ಗುರುತು ಮಾಡಬೇಕು, ಮಾತು ಆ ಸೀಮೆಯದೇ ಆಗಿರಬೇಕು ಎಂಬ ಎರಡು ಪಾಠಗಳನ್ನು ಇದರಿಂದ ಎತ್ತಿಕೊಳ್ಳಬಹುದು.

ಈಗ ಕುಸುಗಲ್ ಕಡೆಯ ಒಂದು ಎಕರೆ ಮೆಣಸಿನಕಾಯಿ ಹೊಲವನ್ನು ಲೆಕ್ಕಕ್ಕೆ ಇಟ್ಟುಕೊಂಡು ಸ್ಕ್ರಿಪ್ಟು ಕಟ್ಟೋಣ. ಮೊದಲ ದೃಶ್ಯದಲ್ಲಿ ಪೈಪು ಕಾಣಬಾರದು. ಬೋರಿನ ಬಾಯಿಗೆ 200 ಲೀಟರಿನ ಡ್ರಮ್ಮು, ರೈತನ ಕೈಯಲ್ಲಿ ಗಡಿಯಾರ ಇರಲಿ. ಡ್ರಮ್ಮು 80 ಸೆಕೆಂಡಿನಲ್ಲಿ ತುಂಬಿದರೆ ಬೋರು ಗಂಟೆಗೆ 9000 ಲೀಟರ್ ಕೊಡುತ್ತದೆ. ಇನ್ನು ಹೊಲ ಎಷ್ಟು ಕೇಳುತ್ತದೆ? ಒಂದು ಎಕರೆ ಸುಮಾರು 4000 ಚದರ ಮೀಟರ್. ನಾಲ್ಕು ಅಡಿಗೊಂದು ಸಾಲಾದರೆ 3300 ಮೀಟರ್ ಲ್ಯಾಟರಲ್ ಬೇಕು. 40 ಸೆಂಟಿಮೀಟರಿಗೆ ಒಂದರಂತೆ ಅದರಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಡ್ರಿಪ್ಪರ್‌ಗಳಿರುತ್ತವೆ. ಒಂದೊಂದು ಗಂಟೆಗೆ 2 ಲೀಟರ್ ಬಿಟ್ಟರೆ ಒಟ್ಟು 16 ಸಾವಿರದ ಮೇಲೆ. ಬೋರು ಕೊಡುವುದು 9 ಸಾವಿರ ಮಾತ್ರ. ಹೀಗಾಗಿ ಹೊಲವನ್ನು ಎರಡು ಭಾಗ ಮಾಡಿ ಎರಡು ವಾಲ್ವು ಕೂರಿಸಬೇಕು, ಒಂದು ಹೊತ್ತಿಗೆ ಒಂದೇ ಭಾಗಕ್ಕೆ ನೀರು ಬಿಡಬೇಕು. ಈ ದೃಶ್ಯವನ್ನು ಬಿಟ್ಟ ವಿಡಿಯೊ ನೋಡಿ ಇಡೀ ಎಕರೆಗೆ ಒಂದೇ ವಾಲ್ವು ಹಾಕಿದವನ ಹೊಲದಲ್ಲಿ ಒತ್ತಡ ಏರುವುದೇ ಇಲ್ಲ, ಸಾಲಿನ ತುದಿಗೆ ನೀರು ಮುಟ್ಟುವುದಿಲ್ಲ. ಆಮೇಲೆ ಅವನು ಬೈಯುವುದು ಡ್ರಿಪ್ಪಿಗೆ.

ಮೊದಲ ನಿಲುಗಡೆ ಇಲ್ಲೇ. ‘ನಿಮ್ಮ ಬೋರ್ ಡ್ರಮ್ ತುಂಬಲಿಕ್ಕೆ ಎಷ್ಟು ಹೊತ್ತು ತಗೋತೈತ್ರಿ?’ ಎಂದು ಕೇಳಿ, ನೋಡುವವರೇ ಲೆಕ್ಕ ಹಾಕುವ ತನಕ ಮುಂದಿನ ದೃಶ್ಯ ಬರಬಾರದು.

ಎರಡನೆಯ ದೃಶ್ಯ ಫಿಲ್ಟರಿನದು. ಬೋರಿನ ನೀರಿಗೆ ಸಾಮಾನ್ಯವಾಗಿ ಸ್ಕ್ರೀನ್ ಅಥವಾ ಡಿಸ್ಕ್ ಫಿಲ್ಟರ್ ಸಾಕು, ಮರಳು ಬರುತ್ತಿದ್ದರೆ ಅದಕ್ಕೂ ಮೊದಲು ಹೈಡ್ರೋಸೈಕ್ಲೋನ್ ಬೇಕು. ಕೃಷಿ ಹೊಂಡದ ನೀರಾದರೆ ಪಾಚಿಯ ಸಲುವಾಗಿ ಸ್ಯಾಂಡ್ ಫಿಲ್ಟರ್ ಮುಂದಿರಬೇಕು, ಸ್ಕ್ರೀನ್ ಫಿಲ್ಟರ್ ಅದರ ಹಿಂದೆ. ಕ್ಯಾಮೆರಾ ಫಿಲ್ಟರಿನ ಮೇಲಿನ ಬಾಣದ ಗುರುತಿಗೆ ಹತ್ತಿರ ಹೋಗಬೇಕು. ಒಳಬರುವ, ಹೊರಹೋಗುವ ಬಾಯಿ ಎರಡೂ ಒಂದೇ ಥರ ಕಾಣುವುದರಿಂದ ಅದನ್ನು ತಿರುವುಮುರುವಾಗಿ ಕೂರಿಸುವುದು ಸುಲಭ. ಫಿಲ್ಟರಿನ ಹಿಂದೊಂದು ಮುಂದೊಂದು ಪ್ರೆಶರ್ ಗೇಜು ಇರಲಿ. ಎರಡರ ನಡುವಿನ ವ್ಯತ್ಯಾಸ ಚದರ ಸೆಂಟಿಮೀಟರಿಗೆ ಅರ್ಧ ಕೆಜಿ ದಾಟಿದರೆ ಫಿಲ್ಟರ್ ತೊಳೆಯುವ ಹೊತ್ತಾಯಿತು ಎಂದರ್ಥ.

ಮೂರನೆಯದು ತಗ್ಗು ತೋಡಿ ಪೈಪು ಹೂಳುವುದು. ಎರಿ ಭೂಮಿ ಬಿರಿದು ಕೂಡುವಾಗ ಪೈಪನ್ನೂ ಅಲ್ಲಾಡಿಸುವುದರಿಂದ, ನೇಗಿಲಿಗೂ ಸಿಗದಂತೆ ಒಂದೂವರೆ ಎರಡು ಅಡಿ ಆಳ ಬೇಕು. ಎಡಿಟಿಂಗ್ ದೊಡ್ಡ ಮೋಸ ಮಾಡುವುದು ಈ ದೃಶ್ಯದಲ್ಲೇ. ಸಲ್ಯೂಷನ್ ಹಚ್ಚಿ ಜೋಡಿಸುವುದು, ಮರುಕ್ಷಣ ಪಂಪು ಚಾಲು ಆಗುವುದು, ಎರಡೂ ಅಕ್ಕಪಕ್ಕ ಬಂದುಬಿಡುತ್ತವೆ. ನಡುವೆ ಕಾಯಬೇಕಾದ ಹೊತ್ತನ್ನು ಕತ್ತರಿ ನುಂಗುತ್ತದೆ. ನೋಡಿದ ರೈತ ಅರ್ಧ ತಾಸಿಗೆ ಪಂಪು ಹಾಕಿದರೆ ಜಾಯಿಂಟು ಕಿತ್ತುಕೊಳ್ಳುತ್ತದೆ. ಹಾಗಾಗಿ ಸ್ಕ್ರಿಪ್ಟಿನಲ್ಲಿ ಸಂಜೆಯ ಬೆಳಕಿನಲ್ಲಿ ಜೋಡಣೆ, ಬೆಳಗಿನ ಬೆಳಕಿನಲ್ಲಿ ನೀರು ಎಂದು ಬರೆಯಬೇಕು, ಪರದೆಯ ಮೇಲೆ ‘ಮರುದಿನ’ ಎಂದು ದೊಡ್ಡದಾಗಿ ಮೂಡಿಸಬೇಕು. ಇನ್ನೊಂದು ಎಚ್ಚರಿಕೆಯೂ ಇದೆ: ನೀರು ಬಿಟ್ಟು ಜಾಯಿಂಟುಗಳಲ್ಲಿ ಸೋರಿಕೆ ಇಲ್ಲವೆಂದು ನೋಡುವ ತನಕ ತಗ್ಗು ಮುಚ್ಚಬಾರದು.

ಇಲ್ಲಿಂದ ವಿಡಿಯೊದ ಮುಖ್ಯ ಭಾಗ ಶುರು. ಸಬ್‌ಮೇನಿಗೆ ತೂತು ಕೊರೆದು, ಗ್ರೋಮೆಟ್ ಎಂಬ ರಬ್ಬರ್ ಉಂಗುರ ಕೂರಿಸಿ, ಅದಕ್ಕೆ ಟೇಕ್ ಆಫ್ ಒತ್ತಿ, 16 ಮಿಲಿಮೀಟರಿನ ಲ್ಯಾಟರಲ್ ಸಿಕ್ಕಿಸಬೇಕು. ಗ್ರೋಮೆಟ್ಟಿನ ಅಳತೆಯ ಡ್ರಿಲ್ ಬಿಟ್ಟೇ ಬೇಕು, ಕಾಸಿದ ಮೊಳೆಯಿಂದ ತೂತು ಮಾಡಿದರೆ ಅಂಚು ಸೊಟ್ಟಗಾಗಿ ಸೋರುತ್ತದೆ. ಲ್ಯಾಟರಲ್ ಬಹಳ ಉದ್ದವಾದರೆ ತುದಿಯಲ್ಲಿ ಒತ್ತಡ ಬೀಳುವುದರಿಂದ ಈ ಅಂತರದ ಡ್ರಿಪ್ಪರಿಗೆ 50-60 ಮೀಟರಿನೊಳಗೆ ನಿಲ್ಲಿಸುವುದು ಒಳ್ಳೆಯದು. ಕ್ಯಾಮೆರಾ ನೋಡಬೇಕಾದ್ದು ಡ್ರಿಲ್ಲಿನ ತುದಿಯಲ್ಲಿ ಸುರುಳಿಯಾಗಿ ಏಳುವ ಪಿವಿಸಿ ಚೂರನ್ನು. ಅರ್ಧ ಹೊರಗೆ ಉದುರುತ್ತದೆ, ಅರ್ಧ ಪೈಪಿನೊಳಗೆ. ಅದು ಎಲ್ಲಿಗೆ ಹೋಗುತ್ತದೆಂದು ಕೇಳಲು ಎರಡನೆಯ ನಿಲುಗಡೆ.

ಉತ್ತರ ಮುಂದಿನ ದೃಶ್ಯದಲ್ಲಿ. ಎಲ್ಲ ಲ್ಯಾಟರಲ್ಲುಗಳ ತುದಿಗಳು ತೆರೆದೇ ಇವೆ. ಮೊದಲು ಸಬ್‌ಮೇನಿನ ಕೊನೆಯ ಫ್ಲಶ್ ವಾಲ್ವು ತೆರೆದು ನೀರು ಬಿಡುತ್ತಾರೆ. ಕೆಂಪು, ಕಪ್ಪು ಕಲಸಿದ ನೀರು, ಜೊತೆಗೆ ಚೂರುಗಳು ಹೊರಬೀಳುತ್ತವೆ. ತಿಳಿ ನೀರು ಬಂದ ಮೇಲೆ ಅದನ್ನು ಮುಚ್ಚಿ, ಲ್ಯಾಟರಲ್ಲುಗಳನ್ನು ಹತ್ತಿಪ್ಪತ್ತರಂತೆ ಹರಿಯಬಿಟ್ಟು ಉಳಿದವನ್ನು ಮಡಚಿ ಹಿಡಿಯುತ್ತಾರೆ. ಎಲ್ಲ ಒಮ್ಮೆಗೇ ತೆರೆದರೆ ಬೋರಿನ ನೀರು ಹಂಚಿಹೋಗಿ ಕಸ ತಳ್ಳುವಷ್ಟು ಬಿರುಸು ಉಳಿಯುವುದಿಲ್ಲ. ಈ ಹೊತ್ತಿನಲ್ಲಿ ಪರದೆಯ ಮೇಲಿನ ರೈತಗಿತ್ತಿ ತನ್ನ ಮೈದುನನಿಗೆ ಹೇಳುತ್ತಾಳೆ: ‘ತುದಿ ಮುಚ್ಚಬ್ಯಾಡೋ ಈಗ. ಮೊದಲ ಹೊಲಸೆಲ್ಲಾ ಹೊರಗ ಹೋಗಲಿ. ನೀರ ತಿಳಿ ಬಂದ ಮ್ಯಾಲ ಕ್ಯಾಪ್ ಹಾಕೂಣು.’ ಅಂಗಡಿಯ ಪಟ್ಟಿಯಂಥ ವಿಡಿಯೊಗಳಲ್ಲಿ ಬಿಟ್ಟುಹೋಗುವುದು ಇದೇ ದೃಶ್ಯ. ಅಲ್ಲಿ ಲ್ಯಾಟರಲ್ ಎಳೆದ ಕೂಡಲೇ ಎಂಡ್ ಕ್ಯಾಪು ಬೀಳುತ್ತದೆ, ಚೂರುಗಳು ಒಳಗೇ ಉಳಿದು ಸಾಲಿನ ಕೊನೆಯ ಡ್ರಿಪ್ಪರುಗಳಲ್ಲಿ ಕೂಡುತ್ತವೆ.

ಕ್ಯಾಪು ಹಾಕಿದ ಮೇಲೆ ಅಳತೆ. ಸಾಲಿನ ಮೊದಲ ಡ್ರಿಪ್ಪರಿನ ಕೆಳಗೊಂದು, ಕೊನೆಯದರ ಕೆಳಗೊಂದು ಲೋಟ ಇಟ್ಟು ಮೂರು ನಿಮಿಷ ಕಾಯಬೇಕು. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಮೂರು ನಿಮಿಷಕ್ಕೆ 100 ಮಿಲಿಲೀಟರ್ ಬಿಡಬೇಕು. ಮೊದಲಿನದು 100, ಕೊನೆಯದು 92 ಬಂದರೆ ಚಿಂತೆಯಿಲ್ಲ. ಕೊನೆಯದು 70ಕ್ಕೆ ಇಳಿದಿದ್ದರೆ ಹುಡುಕಬೇಕು: ಆ ಸಾಲಿನ ಎಲ್ಲ ಡ್ರಿಪ್ಪರೂ ತುದಿಯ ಕಡೆಗೆ ಮೆಲ್ಲಗೆ ಇಳಿಯುತ್ತಿದ್ದರೆ ಅದು ಒತ್ತಡದ ತೊಂದರೆ, ಅಲ್ಲಲ್ಲಿ ಒಂದೊಂದು ಮಾತ್ರ ಕಡಿಮೆಯಾದರೆ ಕಸದ್ದು.

ಇದೇ ಅಳತೆಯನ್ನು ಎರಡು ಮೂರು ತಿಂಗಳಿನ ನಂತರ ಮತ್ತೆ ತೆಗೆಯುವ ದೃಶ್ಯವನ್ನು ಸ್ಕ್ರಿಪ್ಟಿನಲ್ಲಿ ಉಳಿಸಿಕೊಳ್ಳಬೇಕು, ಚಿತ್ರೀಕರಣದವರು ಮತ್ತೊಮ್ಮೆ ಹೊಲಕ್ಕೆ ಬರಬೇಕಾದರೂ ಸರಿ. ಗಡಸು ನೀರಿನ ಬೋರಾದರೆ ಅಷ್ಟರಲ್ಲಿ ಡ್ರಿಪ್ಪರಿನ ಬಾಯಿಯಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ, ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲದ ಉಪಚಾರ ಬೇಕು. ಆ ದೃಶ್ಯದಲ್ಲಿ ಕೈಗವಸು, ಕನ್ನಡಕ ಹಾಕಿದ ರೈತ ನೀರಿರುವ ಪ್ಲಾಸ್ಟಿಕ್ ಬಕೆಟ್ಟಿಗೆ ಆಮ್ಲವನ್ನು ನಿಧಾನಕ್ಕೆ ಸುರಿಯುವುದು ಸ್ಪಷ್ಟವಾಗಿ ಕಾಣಬೇಕು. ಆಮ್ಲಕ್ಕೆ ನೀರು ಸುರಿದರೆ ಅದು ಮುಖಕ್ಕೆ ಸಿಡಿಯುತ್ತದೆ, ಬ್ಲೀಚಿಂಗ್ ಪುಡಿಯ ಜೊತೆ ಬೆರೆತರೆ ವಿಷಾನಿಲ ಏಳುತ್ತದೆ. ವೆಂಚುರಿಯಿಂದ ಒಳಬಿಟ್ಟ ಆ ನೀರು ಸಾಲಿನ ತುದಿಗೆ ಬಂದಾಗ ಪಿಎಚ್ ಕಾಗದ 4 ತೋರಿಸಬೇಕು. ಆಗ ಪಂಪು ನಿಲ್ಲಿಸಿ, ಒಂದು ದಿನ ಬಿಟ್ಟು, ಎಂಡ್ ಕ್ಯಾಪುಗಳನ್ನು ಬಿಚ್ಚಿ ಎಲ್ಲ ಸಾಲುಗಳನ್ನು ಮತ್ತೆ ಹರಿಯಬಿಡಬೇಕು.