ನಲವತ್ತು ಎಂಬಿ ವಿಡಿಯೋ, ನಾಲ್ಕು ನಿಮಿಷದ ಸಿಗ್ನಲ್

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಲ್ಲಿ ಒಬ್ಬ ರೈತರು ತೋಟದಲ್ಲಿ ನಿಂತು ಒಂದು ವಿಡಿಯೋ ತೆಗೆದಿದ್ದಾರೆ ಅಂದುಕೊಳ್ಳೋಣ. 40 ಎಂಬಿ ಫೈಲು. ಅಪ್‌ಲೋಡ್ ಸ್ಪೀಡು ಸೆಕೆಂಡಿಗೆ ಒಂದು ಮೆಗಾಬಿಟ್ ಸಿಕ್ಕಿದರೆ, ಒಂದು ಬೈಟಿಗೆ ಎಂಟು ಬಿಟ್ ಲೆಕ್ಕದಲ್ಲಿ ಇದು ಹೋಗಲು ಸುಮಾರು ಐದೂವರೆ ನಿಮಿಷ ಬೇಕು. ಆದರೆ ತೋಟದಲ್ಲಿ ಸಿಗ್ನಲ್ ಒಂದೇ ಸಮನೆ ನಾಲ್ಕು ನಿಮಿಷಕ್ಕಿಂತ ಜಾಸ್ತಿ ನಿಲ್ಲೋದಿಲ್ಲ. ಈಗ ಸಾಧಾರಣ ಅಪ್‌ಲೋಡ್ ಮಾಡಿದರೆ ಏನಾಗುತ್ತೆ? ಸುಮಾರು 30 ಎಂಬಿ ಹೋಗಿ ಕನೆಕ್ಷನ್ ಕಟ್ಟಾಗುತ್ತೆ, ಮತ್ತೆ ಸೊನ್ನೆಯಿಂದ ಶುರು. ದಿನವಿಡೀ ಪ್ರಯತ್ನ ಮಾಡಿದರೂ ವಿಡಿಯೋ ಹೋಗಲ್ಲ, ಡೇಟಾ ಪ್ಯಾಕ್ ಮಾತ್ರ ಖಾಲಿ ಆಗುತ್ತೆ.

ಇದು ಬರೀ ಊಹೆಯ ಸಮಸ್ಯೆ ಅಲ್ಲ. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಜಮೀನಿನ ಬೆಳೆಯ ಫೋಟೋ ತೆಗೆದು ಕಳಿಸಬಹುದು. ಫೋಟೋ ತೆಗೆಯಬೇಕಾದ್ದು ಹೊಲದಲ್ಲಿ, ಸಿಗ್ನಲ್ ಇರೋದು ಊರೊಳಗೆ. ಇಂಥ ಯಾವುದೇ ಆ್ಯಪ್ ನಾವು ಮಾಡಿದರೂ ಈ ಎರಡರ ಮಧ್ಯದ ದಾರಿಯನ್ನು ಯೋಚಿಸಲೇಬೇಕು.

ನಿಂತಲ್ಲಿಂದಲೇ ಮುಂದುವರಿಸುವ ಅಪ್‌ಲೋಡಿಗೆ ಹಲವು ಪದ್ಧತಿಗಳಿವೆ. ನಾವಿಲ್ಲಿ 2013ರಲ್ಲಿ ಶುರುವಾದ ಟಸ್ ಅನ್ನೋ ಓಪನ್ ಪ್ರೋಟೊಕಾಲ್ ತಗೊಂಡಿದ್ದೇವೆ, ಯಾಕೆಂದರೆ ಅದು ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಫೋನು ಮೊದಲು ಒಂದು `POST` ಕಳಿಸಿ ‘ಇಷ್ಟು ಬೈಟಿನ ಫೈಲು ಬರುತ್ತೆ’ ಅಂತ ಹೇಳುತ್ತೆ. ಸರ್ವರ್ ಅದಕ್ಕೊಂದು ವಿಳಾಸ ಕೊಡುತ್ತೆ. ಆಮೇಲೆ ಬೈಟುಗಳೆಲ್ಲ ಆ ವಿಳಾಸಕ್ಕೆ `PATCH` ಮೂಲಕ ಹೋಗುತ್ತವೆ. ಮಧ್ಯೆ ಕಟ್ಟಾದರೆ ಫೋನು ತನ್ನ ಲೆಕ್ಕ ನಂಬಿಕೊಂಡು ಮುಂದುವರಿಯಲ್ಲ, ಸರ್ವರನ್ನೇ ಕೇಳುತ್ತೆ:

```
HEAD /files/a7f3 HTTP/1.1
Tus-Resumable: 1.0.0

HTTP/1.1 200 OK
Tus-Resumable: 1.0.0
Upload-Offset: 31457280
Upload-Length: 41943040
```

ಅಂದರೆ 40ರಲ್ಲಿ 30 ಎಂಬಿ ಸರ್ವರ್ ಕೈಯಲ್ಲಿದೆ. ಫೋನು ಫೈಲಿನಲ್ಲಿ 31457280ನೇ ಬೈಟಿಗೆ ಹೋಗಿ, ಅದೇ ಸಂಖ್ಯೆಯನ್ನು `Upload-Offset` ಹೆಡರ್‌ನಲ್ಲಿ ಹಾಕಿ, ಉಳಿದ 10 ಎಂಬಿ ಮಾತ್ರ ಕಳಿಸುತ್ತೆ. ಸುಮಾರು ಒಂದೂಕಾಲು ನಿಮಿಷದ ಕೆಲಸ. ಸಂಖ್ಯೆ ಹೊಂದದಿದ್ದರೆ ಸರ್ವರ್ 409 ಕೊಡುತ್ತೆ. ಆಗ ಗಾಬರಿಯಾಗಿ ಮೊದಲಿಂದ ಶುರುಮಾಡಬಾರದು, ಇನ್ನೊಂದು `HEAD` ಕಳಿಸಿದರೆ ಸಾಕು.

ಇಲ್ಲಿ ಒಂದು ಚಂದದ ಸಂಗತಿ ಇದೆ. ಕೊನೆಯ ಬೈಟು ಸರ್ವರಿಗೆ ತಲುಪಿತು, ಆದರೆ ‘ಸಿಕ್ಕಿತು’ ಅನ್ನೋ ಉತ್ತರ ಫೋನಿಗೆ ಬರುವ ಮುಂಚೆ ಸಿಗ್ನಲ್ ಹೋಯಿತು ಅಂತಿಟ್ಟುಕೊಳ್ಳಿ. ಸಾಧಾರಣ ಅಪ್‌ಲೋಡ್ ಆಗಿದ್ದರೆ ಅದೇ ವಿಡಿಯೋ ಎರಡು ಸಲ ಸೇರಿಬಿಡುತ್ತಿತ್ತು. ಇಲ್ಲಿ `HEAD` ಕೇಳಿದಾಗ ಎರಡೂ ಸಂಖ್ಯೆ ಒಂದೇ ಇರುತ್ತೆ, ಕೆಲಸ ಮುಗಿದಿದೆ ಅಂತ ಗೊತ್ತಾಗುತ್ತೆ.

ಇದೆಲ್ಲ ನಡೆಯಬೇಕಾದರೆ ಆ ವಿಳಾಸ ಫೋನಿನ ಡೇಟಾಬೇಸಿನಲ್ಲಿ ಇರಬೇಕು. ಮೆಮೊರಿಯಲ್ಲಿ ಮಾತ್ರ ಇಟ್ಟರೆ ಆ್ಯಪ್ ಮುಚ್ಚಿದ ಕೂಡಲೇ ಅದೂ ಹೋಯಿತು, ಸರ್ವರ್‌ನಲ್ಲಿ ಅರ್ಧ ಫೈಲು ಅನಾಥವಾಗಿ ಬಿದ್ದಿರುತ್ತೆ. ಹಾಗಾಗಿ `POST`ನ ಉತ್ತರ ಬಂದ ಕೂಡಲೇ, ಒಂದು ಬೈಟೂ ಕಳಿಸುವ ಮುಂಚೆ, ವಿಳಾಸ ಬರೆದಿಡಬೇಕು. ಫೈಲನ್ನೂ ಆ್ಯಪ್‌ನ ಸ್ವಂತ ಜಾಗಕ್ಕೆ ಕಾಪಿ ಮಾಡಿಕೊಳ್ಳುವುದು ಒಳ್ಳೇದು. ರೈತರು ಸಂಜೆ ಗ್ಯಾಲರಿಯಲ್ಲಿ ಆ ವಿಡಿಯೋ ಟ್ರಿಮ್ ಮಾಡಿ ಅದೇ ಫೈಲಿಗೆ ಸೇವ್ ಮಾಡಿದರೆ ಮೊದಲ 30 ಎಂಬಿ ಹಳೇ ವಿಡಿಯೋದ್ದು, ಉಳಿದದ್ದು ಹೊಸದರದ್ದು. ಸೇರಿಸಿದರೆ ಯಾವ ಪ್ಲೇಯರಿನಲ್ಲೂ ಸರಿಯಾಗಿ ಓಡಲ್ಲ.

ಈಗ ಎಲ್ಲರೂ ತಲೆ ಕೆಡಿಸಿಕೊಳ್ಳುವ ಜಾಗಕ್ಕೆ ಬರೋಣ. ಕೋಡ್ ಸರಿಯಿದೆ, ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಮಾಡಿದಾಗ ಚೆನ್ನಾಗಿ ಮುಂದುವರಿಯುತ್ತೆ, ಸರ್ವರಿಗೆ ಹಾಕಿದ ಮೇಲೆ ಮಾತ್ರ ಪ್ರತೀ ಸಲ ಸೊನ್ನೆಯಿಂದ ಶುರು. `HEAD` ಕೇಳಿದರೆ `Upload-Offset: 0`. ಹೀಗಾದರೆ ಮೊದಲು ನೋಡಬೇಕಾದ್ದು ಮುಂದೆ ಕೂತಿರುವ ಎನ್‌ಜಿನ್‌ಎಕ್ಸ್. ಅದು ತಾನಾಗಿಯೇ ಇಡೀ ರಿಕ್ವೆಸ್ಟನ್ನು ತನ್ನ ಹತ್ತಿರ ತುಂಬಿಕೊಂಡು, ಪೂರ್ತಿ ಬಂದ ಮೇಲಷ್ಟೇ ಹಿಂದಿನ ಸರ್ವರಿಗೆ ಕೊಡುತ್ತೆ. ಮೂವತ್ತು ಎಂಬಿಗೆ ಕಟ್ಟಾದರೆ ಆ ಮೂವತ್ತನ್ನೂ ಎಸೆದುಬಿಡುತ್ತೆ, ಟಸ್ ಸರ್ವರಿಗೆ ಒಂದು ಬೈಟೂ ಕಂಡಿರಲ್ಲ. ಮದ್ದು ಎರಡೇ ಸಾಲು:

```
proxy_request_buffering off;
client_max_body_size 0;
```

ಎರಡನೇ ಸಾಲು ಯಾಕೆ ಅಂದರೆ, ಏನೂ ಬರೆಯದಿದ್ದರೆ ಮಿತಿ ಒಂದೇ ಎಂಬಿ. ಅದಕ್ಕಿಂತ ದೊಡ್ಡದು ಬಂದರೆ 413 ಕೊಟ್ಟು ವಾಪಸ್ ಕಳಿಸುತ್ತೆ. ಸೊನ್ನೆ ಅಂದರೆ ಎನ್‌ಜಿನ್‌ಎಕ್ಸ್ ಮಿತಿ ನೋಡೋದೇ ಇಲ್ಲ, ಹಾಗಾಗಿ ಫೈಲಿನ ಗರಿಷ್ಠ ಗಾತ್ರವನ್ನು ಟಸ್ ಸರ್ವರ್‌ನಲ್ಲಿ ಹಾಕಿಕೊಳ್ಳಿ. ಎನ್‌ಜಿನ್‌ಎಕ್ಸ್ ನಮ್ಮ ಕೈಯಲ್ಲಿಲ್ಲ ಅಂದರೆ, ಫೈಲನ್ನು ಆ ಮಿತಿಯೊಳಗಿನ ತುಂಡುಗಳಾಗಿ ಕಳಿಸೋದೊಂದೇ ದಾರಿ. ಅರ್ಧ ಎಂಬಿ ತುಂಡು ಮಾಡಿದರೆ, ಕಟ್ಟಾದಾಗ ಆ ತುಂಡಷ್ಟೇ ನಷ್ಟ.

ಪ್ರೋಗ್ರೆಸ್ ಬಾರ್ ವಿಷಯದಲ್ಲೂ ಇದೇ ತರದ ಮೋಸ ಇದೆ. ಆ್ಯಪ್ ‘ಇಷ್ಟು ಬೈಟು ಬರೆದೆ’ ಅನ್ನೋದು ಫೋನಿನೊಳಗಿನ ಸಾಕೆಟ್ ಬಫರಿಗೆ ಬರೆದ ಲೆಕ್ಕ, ಸರ್ವರ್ ಮುಟ್ಟಿದ ಲೆಕ್ಕ ಅಲ್ಲ. ಆದ್ದರಿಂದ ಬಾರ್ ಮೊದಲು ಜಿಗಿದು, ಸಿಗ್ನಲ್ ಹೋಗಿ ಬಂದ ಮೇಲೆ ಹಿಂದಕ್ಕೆ ಸರಿಯುತ್ತೆ. ಹಿಂದಕ್ಕೆ ಹೋಗೋ ಬಾರ್ ನೋಡಿದವರು ಏನೋ ಕೆಟ್ಟಿದೆ ಅಂದುಕೊಂಡು ರದ್ದು ಮಾಡುತ್ತಾರೆ. ನಮ್ಮ ಅಭಿಪ್ರಾಯ: ತುಂಡುಗಳಾಗಿ ಕಳಿಸಿ, ಸರ್ವರ್ ಒಪ್ಪಿಕೊಂಡ ಸಂಖ್ಯೆಯನ್ನಷ್ಟೇ ತೋರಿಸಿ. ಬಾರ್ ಸ್ವಲ್ಪ ಕುಂಟುತ್ತೆ, ಪರವಾಗಿಲ್ಲ. ಸಿಗ್ನಲ್ ಇಲ್ಲದಾಗ ಸುಮ್ಮನೆ ಸುತ್ತೋ ಚಕ್ರದ ಬದಲು ‘30 ಎಂಬಿ ತಲುಪಿದೆ, ಸಿಗ್ನಲ್‌ಗೆ ಕಾಯ್ತಿದೆ’ ಅಂತ ಬರೆದರೆ ಜನ ಫೋನು ಜೇಬಿಗೆ ಹಾಕಿಕೊಂಡು ನಡೀತಾರೆ.

ಜೇಬಿಗೆ ಹಾಕಿದ ಮೇಲೆ ಕೆಲಸ ನಡೆಸೋದು ಆಂಡ್ರಾಯ್ಡ್‌ನಲ್ಲಿ `WorkManager`. ನೆಟ್ ಇದ್ದಾಗ ಮಾತ್ರ ಓಡು ಅಂತ ಅದಕ್ಕೆ ಷರತ್ತು ಹಾಕಬಹುದು. ನೆಟ್ ಹೋದರೆ ಅದೇ ನಿಲ್ಲಿಸಿ, ಬಂದಾಗ ಅದೇ ಎಬ್ಬಿಸುತ್ತೆ, ಫೋನು ಆಫ್ ಮಾಡಿ ಆನ್ ಮಾಡಿದರೂ ಮರೆಯಲ್ಲ. ಆದರೆ ಮಾಮೂಲಿ ಕೆಲಸಕ್ಕೆ ಒಂದು ಸಲಕ್ಕೆ ಹತ್ತು ನಿಮಿಷ ಅಷ್ಟೇ. ನಮ್ಮ 40 ಎಂಬಿಗೆ ಸಾಕು, 200 ಎಂಬಿಗೆ ಸಾಲದು. ಅಲ್ಲೂ ಮುಂದುವರಿಸುವ ಗುಣವೇ ಕಾಪಾಡುತ್ತೆ: ನಿಲ್ಲಿಸಿದರೆ ನಿಲ್ಲಿಸಲಿ, ಮುಂದಿನ ಸಲ ಅಲ್ಲಿಂದಲೇ.

ಮರುಪ್ರಯತ್ನದ ಲೆಕ್ಕ ಮಾತ್ರ ಹುಷಾರಾಗಿ ನೋಡಬೇಕು. `Result.retry()` ಅಂದಾಗಲೆಲ್ಲ ಕಾಯುವ ಹೊತ್ತು ದುಪ್ಪಟ್ಟಾಗುತ್ತೆ: 30 ಸೆಕೆಂಡು, ಒಂದು ನಿಮಿಷ, ಎರಡು, ನಾಲ್ಕು. ಸರ್ವರ್ ಕೆಟ್ಟಿದ್ದಾಗ ಇದು ಸರಿ, ಎಲ್ಲರೂ ಒಟ್ಟಿಗೆ ಮುಗಿಬೀಳಲ್ಲ. ಆದರೆ ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್ ತೋರಿಸುತ್ತಾ ಡೇಟಾ ಹೋಗದಿದ್ದರೆ ಫೋನಿನ ಪ್ರಕಾರ ನೆಟ್ ಇದೆ, ಆದ್ದರಿಂದ ಪ್ರಯತ್ನ ಸೋಲುತ್ತಲೇ ಇರುತ್ತೆ. ಹತ್ತನೇ ಸೋಲಿನ ನಂತರ ಕಾಯುವ ಹೊತ್ತು ನಾಲ್ಕು ಗಂಟೆ ದಾಟಿರುತ್ತೆ. ಅಲ್ಲಿಂದಾಚೆ ಐದು ಗಂಟೆಯೇ ಗರಿಷ್ಠ. ಅಷ್ಟರಲ್ಲಿ ಅವರು ಊರೊಳಗೆ ಬಂದು, ಒಳ್ಳೇ ಸಿಗ್ನಲ್‌ನಲ್ಲಿ ಊಟ ಮಾಡಿ ಮಲಗಿದ್ದರೂ ವಿಡಿಯೋ ಕದಲಲ್ಲ. ಅದಕ್ಕೆ ‘ಈಗಲೇ ಕಳಿಸು’ ಅನ್ನೋ ಬಟನ್ ಬೇಕು. ಒತ್ತಿದರೆ ಅದೇ ಹೆಸರಿನ ಕೆಲಸವನ್ನು `ExistingWorkPolicy.REPLACE` ಕೊಟ್ಟು ಹೊಸದಾಗಿ ಸೇರಿಸಬೇಕು. ಸೋಲಿನ ಎಣಿಕೆ ಸೊನ್ನೆಗೆ ಬರುತ್ತೆ, ಆದರೆ 30 ಎಂಬಿ ಸರ್ವರ್‌ನಲ್ಲಿ ಇರೋದರಿಂದ ಅದು ಎಲ್ಲೂ ಹೋಗಲ್ಲ.

ಎಲ್ಲ ಸೋಲಿಗೂ ಮರುಪ್ರಯತ್ನ ಮದ್ದಲ್ಲ ಅನ್ನೋದೂ ಇದೆ. ಟೈಮ್‌ಔಟ್, 500ರ ಸಾಲಿನ ಉತ್ತರಗಳು ಬಂದರೆ ಕಾದು ನೋಡಬಹುದು. 401 ಬಂದರೆ ಮತ್ತೆ ಲಾಗಿನ್ ಆಗೋವರೆಗೂ ಎಷ್ಟು ಸಲ ಕಳಿಸಿದರೂ ಅಷ್ಟೇ. `HEAD`ಗೆ 404 ಅಥವಾ 410 ಬಂದರೆ ಅರ್ಧ ಫೈಲನ್ನು ಸರ್ವರ್ ಅಳಿಸಿದೆ ಅಂತರ್ಥ. ಆಗ ಮಾತ್ರ ಹೊಸ `POST`, ಸೊನ್ನೆಯಿಂದ. ಆದ್ದರಿಂದ ಅರ್ಧ ಫೈಲುಗಳನ್ನು ಸರ್ವರ್ ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋದನ್ನು ತೋಟದವರ ಕಡೆಯಿಂದ ನೋಡಿ ಹೇಳಬೇಕು. ಒಂದು ದಿನ ಕಡಿಮೆ ಆಯಿತು, ಒಂದು ವಾರ ಇಡೋದು ವಾಸಿ.